ಐದಕ್ಕಿಂತ ಮೊದಲು ಒಂಬತ್ತು

ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕ’ದ ಮೊದಲ ಸಂಪುಟ 1886ರಲ್ಲಿ ಹೊರಬಂತು. ಅದು ಕೊಡಗಿನ ಶಾಸನಗಳದ್ದು. ಆ ಮೂಲ ಮಾಲೆಯಲ್ಲಿ ಹನ್ನೆರಡು ಸಂಪುಟಗಳಿವೆ. ಅಡಿಟಿಪ್ಪಣಿಗಳಲ್ಲಿ ಇವುಗಳ ಸಂಖ್ಯೆಯನ್ನು ರೋಮನ್ ಅಂಕಿಯಲ್ಲಿ ಬರೆಯುವ ರೂಢಿ ಇಂದಿಗೂ ಇದೆ. ಕರ್ನಾಟಕದ ಇತಿಹಾಸದ ಮೇಲೆ ಪ್ರಬಂಧ ಬರೆಯುವವರು ಈ ಸಂಪುಟಗಳನ್ನು ದಾಟಿ ಹೋಗುವಂತಿಲ್ಲ. ಈಗ ಹನ್ನೆರಡನ್ನೂ ಎಕ್ಸೆಲ್‌ನ ಒಂದು ಕಾಲಂನಲ್ಲಿ ತುಂಬಿ, ‘ಏರಿಕೆ ಕ್ರಮ’ದ ಗುಂಡಿ ಒತ್ತಿ ನೋಡಿ. ಸಿಗುವುದು ಇದು:

```
I  II  III  IV  IX  V  VI  VII  VIII  X  XI  XII
```

ಮೊದಲ ನಾಲ್ಕು ಸರಿ, ಕೊನೆಯ ಮೂರೂ ಸರಿ. ಎಡವಟ್ಟಾಗಿರುವುದು IX ಒಂದೇ. ಅದು ತನ್ನ ಜಾಗ ಬಿಟ್ಟು V ಮುಂದೆ ಬಂದು ಕೂತಿದೆ. ಪಟ್ಟಿಯ ತಲೆ ಮತ್ತು ಬಾಲವನ್ನಷ್ಟೇ ನೋಡಿ ‘ಆಯಿತು’ ಎನ್ನುವವರ ಕಣ್ಣಿಗೆ ಇದು ಬೀಳುವುದೇ ಇಲ್ಲ. ಸ್ಪ್ರೆಡ್‌ಶೀಟಿನಲ್ಲಿ ಪರಾಮರ್ಶನ ಗ್ರಂಥಗಳನ್ನು ಅಕಾರಾದಿಗೆ ಹೊಂದಿಸುವಾಗ ಆಗುವ ತಪ್ಪುಗಳ ಸ್ವಭಾವವೇ ಹೀಗೆ. ಪಟ್ಟಿ ಪೂರ್ತಿ ಕಲಸಿಹೋಗಿದ್ದರೆ ತಕ್ಷಣ ಗೊತ್ತಾಗುತ್ತದೆ. ನೂರಿಪ್ಪತ್ತು ನಮೂದುಗಳಲ್ಲಿ ನಾಲ್ಕು ಮಾತ್ರ ಅಡ್ಡಾದಿಡ್ಡಿಯಾಗಿದ್ದರೆ ಮಾರ್ಗದರ್ಶಕರ ಕೈಗೆ ಹೋಗುವವರೆಗೂ ಅದು ಹಾಗೇ ಉಳಿಯುತ್ತದೆ.

ಎಕ್ಸೆಲ್‌ನ ಮಟ್ಟಿಗೆ IX ಎನ್ನುವುದು ಒಂಬತ್ತಲ್ಲ, ಐ ಮತ್ತು ಎಕ್ಸ್ ಎಂಬ ಎರಡು ಅಕ್ಷರ. ಇದಕ್ಕೆ ಪರಿಹಾರ ಸುಲಭ. ಪಕ್ಕದ ಕಾಲಂನಲ್ಲಿ `=ARABIC(B2)` ಎಂದು ಬರೆದರೆ IX ಇದ್ದಲ್ಲಿ 9 ಬರುತ್ತದೆ. ಆ ಕಾಲಂ ಹಿಡಿದು ಸಾರ್ಟ್ ಮಾಡಿದರೆ ಮುಗಿಯಿತು. ಓದುಗರಿಗೆ ಕಾಣುವ ಕಾಲಂ ಒಂದು, ಕ್ರಮವನ್ನು ನಿರ್ಧರಿಸುವ ಕಾಲಂ ಇನ್ನೊಂದು ಎಂಬ ಈ ಏರ್ಪಾಡೇ ಮುಂದೆ ಹೇಳುವ ಎಲ್ಲ ತೊಡಕುಗಳಿಗೂ ಮದ್ದು. ಆದರೆ ಮದ್ದಿಗೆ ಮೊದಲು ರೋಗ ಯಾವುದೆಂದು ತಿಳಿಯಬೇಕು.

ಸ್ಪ್ರೆಡ್‌ಶೀಟ್ ಸಾರ್ಟ್ ಮಾಡುವಾಗ ಮೊದಲು ನೋಡುವುದು ಅಕ್ಷರವನ್ನಲ್ಲ, ಸೆಲ್‌ನಲ್ಲಿರುವುದು ಸಂಖ್ಯೆಯೋ ಪಠ್ಯವೋ ಎಂಬುದನ್ನು. ಏರಿಕೆ ಕ್ರಮದಲ್ಲಿ ಸಂಖ್ಯೆಗಳೆಲ್ಲ ಮೊದಲು, ಪಠ್ಯವೆಲ್ಲ ಆಮೇಲೆ, ಖಾಲಿ ಸೆಲ್‌ಗಳು ಕಟ್ಟಕಡೆಗೆ. ಇಷ್ಟು ವಿಂಗಡಣೆಯಾದ ಮೇಲೆಯೇ ಪಠ್ಯದೊಳಗೆ ಅಕ್ಷರಗಳ ಹೋಲಿಕೆ ಶುರುವಾಗುತ್ತದೆ. ಗ್ರಂಥಸೂಚಿಯಲ್ಲಿ ಈ ನಿಯಮ ಹೆಚ್ಚಾಗಿ ಕಾಟ ಕೊಡುವುದು ಇಸವಿಯ ಕಾಲಂನಲ್ಲಿ. ಒಬ್ಬ ಲೇಖಕರ ನಾಲ್ಕು ಬರಹಗಳಿದ್ದು, ಅವುಗಳಲ್ಲಿ ಎರಡು ಒಂದೇ ವರ್ಷದವು ಎಂದುಕೊಳ್ಳಿ. ರೂಢಿಯಂತೆ ಅವನ್ನು 1985a, 1985b ಎಂದು ಗುರುತಿಸುತ್ತೀರಿ. ಉಳಿದವು 1978 ಮತ್ತು 1992ರವು. ಇಸವಿಯ ಪ್ರಕಾರ ಸಾರ್ಟ್ ಮಾಡಿದರೆ ಬರುವ ಸಾಲು:

```
1978
1992
1985a
1985b
```

1978 ಮತ್ತು 1992 ಶುದ್ಧ ಸಂಖ್ಯೆಗಳು. a ಅಂಟಿದೊಡನೆ 1985 ಪಠ್ಯವಾಗಿಬಿಟ್ಟಿತು. ಎಷ್ಟೇ ದೊಡ್ಡ ಸಂಖ್ಯೆಯೂ ಎಷ್ಟೇ ಚಿಕ್ಕ ಪಠ್ಯಕ್ಕಿಂತ ಮೊದಲೇ ಬರುತ್ತದೆ. ಇದನ್ನು ಕಣ್ಣಳತೆಯಲ್ಲೇ ಪತ್ತೆ ಮಾಡಬಹುದು. ನೀವು ಜೋಡಣೆಯನ್ನು ಬದಲಿಸಿಲ್ಲವಾದರೆ ಸಂಖ್ಯೆ ಸೆಲ್‌ನ ಬಲಗಡೆಗೆ ಒರಗಿರುತ್ತದೆ, ಪಠ್ಯ ಎಡಗಡೆಗೆ. ಇಸವಿಯ ಕಾಲಂನಲ್ಲಿ ಕೆಲವು ಅತ್ತ, ಕೆಲವು ಇತ್ತ ನಿಂತಿದ್ದರೆ ಅಲ್ಲಿ ಎರಡು ಜಾತಿ ಬೆರೆತಿವೆ ಎಂದರ್ಥ. ಇಸವಿಯನ್ನು ಸೀಳಿ ಎರಡು ಕಾಲಂ ಮಾಡುವುದು ಸರಿಯಾದ ದಾರಿ. ಮೊದಲನೆಯದು ವರ್ಷದ ಸಂಖ್ಯೆ, ಎರಡನೆಯದು ಬಾಲದ ಅಕ್ಷರ:

```
=VALUE(LEFT(C2,4))
=MID(C2,5,1)
```

ಇದರ ತಿರುವುಮುರುವು ತೊಂದರೆಯೂ ಉಂಟು. ಸಂಪುಟ ಸಂಖ್ಯೆಯನ್ನು ರೋಮನ್ ಬಿಟ್ಟು ಸಾಮಾನ್ಯ ಅಂಕಿಯಲ್ಲೇ ಬರೆದಿದ್ದರೂ ಅದು ಬೇರೆಡೆಯಿಂದ ಪಠ್ಯವಾಗಿ ಬಂದು ಕೂತಿದ್ದರೆ ಕ್ರಮ 1, 10, 11, 12, 2 ಎಂದಾಗುತ್ತದೆ. ಇಂಥ ಸೆಲ್‌ಗಳ ಮೂಲೆಯಲ್ಲಿ ಎಕ್ಸೆಲ್ ಸಾಮಾನ್ಯವಾಗಿ ಪುಟ್ಟ ಹಸಿರು ತ್ರಿಕೋನ ತೋರಿಸುತ್ತದೆ. ಸಾರ್ಟ್ ಮಾಡಲು ಹೊರಟಾಗ, ಸಂಖ್ಯೆಯಂತೆ ಕಾಣುವುದನ್ನೆಲ್ಲ ಸಂಖ್ಯೆ ಎಂದೇ ಎಣಿಸಲೋ ಬೇರೆಯಾಗಿಡಲೋ ಎಂದು ಒಂದು ಪೆಟ್ಟಿಗೆ ತೆರೆದು ಕೇಳುವುದೂ ಉಂಟು. ಅದನ್ನು ಓದದೆ ‘ಓಕೆ’ ಒತ್ತುವವರೇ ಹೆಚ್ಚು.

ಸಂಚಿಕೆಯ ಸಂಖ್ಯೆಯನ್ನು 3-4 ಎಂದು ಟೈಪ್ ಮಾಡಿದರೆ ಅದು ತಾರೀಖಾಗಿ ಬದಲಾಗುವುದು ಎಲ್ಲರಿಗೂ ಗೊತ್ತಿರುವ ಪೀಡೆ. ಇದರಿಂದ ಬೇಸತ್ತು ಮಾನವ ವಂಶವಾಹಿಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿ 2020ರ ಹೊತ್ತಿಗೆ MARCH1, SEPT1ರಂಥ ಹೆಸರುಗಳನ್ನೇ ಬದಲಿಸಿಬಿಟ್ಟಿತು. ನಮ್ಮ ಸಂಚಿಕೆಗಳಿಗೆ ಅಷ್ಟು ಬೇಡ. ಟೈಪಿಸುವ ಮೊದಲೇ ಕಾಲಂ ಅನ್ನು ಪಠ್ಯ ಎಂದು ಗುರುತಿಸಿಟ್ಟರೆ ಸಾಕು.

ಇನ್ನು ಅಕ್ಷರಗಳ ಮೇಲೂ ಕೆಳಗೂ ಗುರುತು ಹೊತ್ತ ಹೆಸರುಗಳು. ಇಂಗ್ಲಿಷಿನಲ್ಲಿ ಬರೆಯುವ ಪ್ರಬಂಧವಾದರೆ ನಮ್ಮ ಹಳೆಯ ಕವಿಗಳೂ ಜರ್ಮನಿಯ ಪಂಡಿತರೂ ಒಂದೇ ಪಟ್ಟಿಯಲ್ಲಿ ಸೇರುತ್ತಾರೆ. ಶಾಸನ ಮತ್ತು ಭಾಷಾಶಾಸ್ತ್ರದ ಕೆಲಸಕ್ಕೆ ಬೇಕಾಗುವ ಒಂಬತ್ತು ಹೆಸರುಗಳು ಇಲ್ಲಿವೆ. ಇದು ಓದುಗರು ನಿರೀಕ್ಷಿಸುವ ಕ್ರಮ:

```
Böhtlingk
Bühler
Burnell
Burrow
Kittel
Rice
Sircar
Śrīvijaya
Zvelebil
```

ಗುರುತನ್ನು ಮರೆತು ö ಅನ್ನು o ಎಂದೂ Ś ಅನ್ನು S ಎಂದೂ ಓದಿಕೊಂಡರೆ ಸಿಗುವ ಕ್ರಮ ಇದು. ವಿಂಡೋಸ್‌ನಲ್ಲಿ ಪ್ರದೇಶ ಭಾರತ ಅಥವಾ ಇಂಗ್ಲೆಂಡ್ ಎಂದಿದ್ದು ಭಾಷೆ ಇಂಗ್ಲಿಷ್ ಆಗಿದ್ದರೆ ಎಕ್ಸೆಲ್ ಹೀಗೆಯೇ ಕೊಡುತ್ತದೆ. ಈ ಕಾರಣಕ್ಕೇ ಅನೇಕರು ‘ಗುರುತಿನ ಅಕ್ಷರಗಳ ಸಮಸ್ಯೆ ನಮಗಿಲ್ಲ’ ಎಂದು ನೆಮ್ಮದಿಯಾಗಿರುತ್ತಾರೆ. ಸಮಸ್ಯೆ ಬರುವುದು ಪಟ್ಟಿ ಊರು ಬಿಟ್ಟಾಗ.

ಅದೇ ಪಟ್ಟಿಯನ್ನು ಭಾಷೆಯ ಗೊಡವೆಯಿಲ್ಲದ ಒಂದು ಸಣ್ಣ ಪ್ರೋಗ್ರಾಂ ಸಾರ್ಟ್ ಮಾಡಿತು ಎನ್ನಿ. ಅದು ನೋಡುವುದು ಯೂನಿಕೋಡ್‌ನಲ್ಲಿ ಅಕ್ಷರಕ್ಕೆ ಕೊಟ್ಟ ಸಂಖ್ಯೆಯನ್ನು ಮಾತ್ರ. S ಸಂಖ್ಯೆ 83, Z ಸಂಖ್ಯೆ 90, Ś ಸಂಖ್ಯೆ 346. ಹಾಗಾಗಿ ‘ಕವಿರಾಜಮಾರ್ಗ’ದ ಶ್ರೀವಿಜಯ ಜ್ವೆಲೆಬಿಲ್ ಅವರನ್ನೂ ದಾಟಿ ಪಟ್ಟಿಯ ಕೊನೆಗೆ ಹೋಗಿ ನಿಲ್ಲುತ್ತಾನೆ. B ಒಳಗೂ ಕ್ರಮ ಬದಲಾಗುತ್ತದೆ. u ಸಂಖ್ಯೆ 117, ö 246, ü 252. ಆದ್ದರಿಂದ ಬರ್ನೆಲ್, ಬರೋ ಮೊದಲು, ಬ್ಯೋಟ್‌ಲಿಂಕ್, ಬ್ಯೂಲರ್ ಆಮೇಲೆ.

ಭಾಷೆ ಗೊತ್ತಿರುವ ಯಂತ್ರವೂ ಎಲ್ಲ ಊರಲ್ಲೂ ಒಂದೇ ಉತ್ತರ ಕೊಡುವುದಿಲ್ಲ. ಸ್ವೀಡನ್ನಿನ ಅಕ್ಷರಮಾಲೆಯಲ್ಲಿ å, ä, ö ಮೂರೂ z ಆದ ಮೇಲೆ ಬರುವ ಸ್ವತಂತ್ರ ಅಕ್ಷರಗಳು. ü ಅನ್ನು ಅವರು y ಜೊತೆ ಇಡುತ್ತಾರೆ. ಆ ಭಾಷೆಗೆ ಹೊಂದಿಸಿದ ಕಂಪ್ಯೂಟರಿನಲ್ಲಿ ನಮ್ಮ ಪಟ್ಟಿ ತೆರೆದು ಸಾರ್ಟ್ ಮಾಡಿದರೆ B ಗುಂಪಿನಲ್ಲಿ ಬ್ಯೋಟ್‌ಲಿಂಕ್ ಕೊನೆಯವರಾಗುತ್ತಾರೆ. ಜರ್ಮನರಲ್ಲಂತೂ ಎರಡು ಪದ್ಧತಿಗಳಿವೆ. ನಿಘಂಟಿನಲ್ಲಿ ü ಎಂದರೆ u, ದೂರವಾಣಿ ಪುಸ್ತಕದಂಥ ಹೆಸರಿನ ಪಟ್ಟಿಯಲ್ಲಿ ü ಎಂದರೆ ue. ಇದು ಬರಿಯ ತಾಂತ್ರಿಕ ಭೇದ ಎನ್ನುವವರು ಮ್ಯಾಕ್ಸ್ ಮುಲ್ಲರ್ ಮತ್ತು ಜಾನ್ ಮ್ಯೂರ್ ಇಬ್ಬರನ್ನೂ ಒಟ್ಟಿಗೆ ಇಟ್ಟು ನೋಡಲಿ. ಮೊದಲ ಪದ್ಧತಿಯಲ್ಲಿ Muir ಮುಂದೆ, Müller ಹಿಂದೆ. ಎರಡನೆಯದರಲ್ಲಿ Mueller ಆಗುವುದರಿಂದ ಮುಲ್ಲರ್ ಮುಂದೆ. ಎರಡೂ ಸರಿಯೇ. ನಿಮ್ಮ ವಿಶ್ವವಿದ್ಯಾಲಯ ಅಥವಾ ಪತ್ರಿಕೆ ಯಾವುದನ್ನು ಕೇಳುತ್ತದೆ ಎಂಬುದಷ್ಟೇ ಪ್ರಶ್ನೆ. ಇಂಗ್ಲಿಷ್ ಪ್ರಬಂಧಕ್ಕೆ ಸಾಮಾನ್ಯವಾಗಿ ಗುರುತನ್ನು ಲೆಕ್ಕಿಸದ ಮೊದಲ ಪದ್ಧತಿ ನಡೆಯುತ್ತದೆ.

ನಮ್ಮಲ್ಲಿ ಇದಕ್ಕಿಂತ ಹೆಚ್ಚು ಹಾನಿ ಮಾಡುವುದು ಸಿಎಸ್‌ವಿ ಕಡತ. ಗ್ರಂಥಸೂಚಿಯ ತಂತ್ರಾಂಶದಿಂದ ಪಟ್ಟಿಯನ್ನು ಸಿಎಸ್‌ವಿಯಾಗಿ ಇಳಿಸಿಕೊಂಡು, ಕಡತದ ಮೇಲೆ ಎರಡು ಸಲ ಕ್ಲಿಕ್ಕಿಸಿ ಎಕ್ಸೆಲ್‌ನಲ್ಲಿ ತೆರೆಯುತ್ತೇವೆ. ಕಡತ ಇರುವುದು ಯುಟಿಎಫ್-8 ಸಂಕೇತದಲ್ಲಿ. ಅದನ್ನು ಸೂಚಿಸುವ ಗುರುತು ಕಡತದ ತಲೆಯಲ್ಲಿ ಇಲ್ಲದಿದ್ದರೆ ಎಕ್ಸೆಲ್ ಹಳೆಯ ಸಂಕೇತವೆಂದು ಓದಿಬಿಡಬಹುದು. ಆಗ ಹೆಸರುಗಳು ಹೀಗಾಗುತ್ತವೆ:

```
Bühler     →  BÃ¼hler
Śrīvijaya  →  ÅšrÄ«vijaya
```

ಕಲಬೆರಕೆ ಅಕ್ಷರಗಳು ಕಣ್ಣಿಗೆ ಬೀಳುತ್ತವೆ, ನಿಜ. ಆದರೆ ಜನ ಸಾಮಾನ್ಯವಾಗಿ ಮೊದಲು ಸಾರ್ಟ್ ಮಾಡಿ ಆಮೇಲೆ ಹೆಸರುಗಳನ್ನು ಕೈಯಿಂದ ತಿದ್ದುತ್ತಾರೆ. ಸಾರ್ಟ್ ಆಗುವ ಹೊತ್ತಿಗೆ ಶ್ರೀವಿಜಯನ ಮೊದಲ ಅಕ್ಷರ Å. ಇಂಗ್ಲಿಷ್ ಕ್ರಮದಲ್ಲಿ ಅದು A ಜೊತೆಗಾರ. ಹೀಗಾಗಿ ಅವನು ಪಟ್ಟಿಯ ತುದಿಗೆ ಏರುತ್ತಾನೆ. ಆಮೇಲೆ ಕಾಗುಣಿತ ತಿದ್ದಿದರೂ ಜಾಗ ತಿದ್ದುವುದಿಲ್ಲ. S ಹೆಸರೊಂದು A ಗುಂಪಿನಲ್ಲಿ ಕೂತಿದ್ದರೆ ಪಟ್ಟಿ ಈ ದಾರಿಯಲ್ಲಿ ಬಂದಿದೆ ಎಂದು ಬಹುಮಟ್ಟಿಗೆ ಊಹಿಸಬಹುದು. ಕಡತವನ್ನು ನೇರವಾಗಿ ತೆರೆಯದೆ `Data` ಮೆನುವಿನ `From Text/CSV` ಮೂಲಕ ತಂದು, ಅಲ್ಲಿ `65001: Unicode (UTF-8)` ಆರಿಸಿದರೆ ಹೆಸರುಗಳು ಕೆಡುವುದಿಲ್ಲ.

ಕನ್ನಡ ಪುಸ್ತಕಗಳ ಪಟ್ಟಿಯಲ್ಲಿ ಇದರ ಅಣ್ಣನಂಥ ತೊಡಕೊಂದಿದೆ. ಹಳೆಯ ನುಡಿ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಪಟ್ಟಿಗಳು ಇನ್ನೂ ಎಷ್ಟೋ ಕಂಪ್ಯೂಟರುಗಳಲ್ಲಿವೆ. ಪರದೆಯ ಮೇಲೆ ಕನ್ನಡ ಕಂಡರೂ ಒಳಗೆ ಇರುವುದು ಲ್ಯಾಟಿನ್ ಅಕ್ಷರ ಮತ್ತು ಚಿಹ್ನೆಗಳು, ಫಾಂಟು ಅವಕ್ಕೆ ಕನ್ನಡದ ವೇಷ ಹಾಕಿರುತ್ತದೆ. ಫಾಂಟನ್ನು ಏರಿಯಲ್‌ಗೆ ಬದಲಿಸಿದರೆ ಬಣ್ಣ ಬಯಲಾಗುತ್ತದೆ:

```
ಅಡಿಗ      CrUÀ
ಕಾರಂತ     PÁgÀAvÀ
ಬೇಂದ್ರೆ     ¨ÉÃAzÉæ
```

ಸಾರ್ಟ್ ನಡೆಯುವುದು ಬಲಗಡೆಯ ರೂಪದ ಮೇಲೆ. ಅಡಿಗರು C, ಕಾರಂತರು P. ಬೇಂದ್ರೆಯವರ ಹೆಸರು ಶುರುವಾಗುವುದೇ ಒಂದು ಚಿಹ್ನೆಯಿಂದ. ಚಿಹ್ನೆಗಳು ಅಕ್ಷರಗಳಿಗಿಂತ ಮೊದಲು ಬರುತ್ತವಾದ್ದರಿಂದ ಬೇಂದ್ರೆ, ಅಡಿಗ, ಕಾರಂತ ಎಂಬ ಕ್ರಮ ಸಿಗುತ್ತದೆ. ಈ ಮೂರರಲ್ಲಿ ಕೊನೆಯ ಎರಡು ಸರಿಯಾಗಿರುವುದು ಬರೀ ಆಕಸ್ಮಿಕ. ಇಂಥ ಪಟ್ಟಿಗೆ ಯಾವ ಕಸರತ್ತೂ ನಾಟುವುದಿಲ್ಲ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಬೇಕು, ಆಮೇಲೆ ಉಳಿದ ಮಾತು.

ಚಿಹ್ನೆ ಮೊದಲು ಎಂಬ ಈ ನಿಯಮ ಇಂಗ್ಲಿಷ್ ಪಟ್ಟಿಯಲ್ಲೂ ಕಾಡುತ್ತದೆ. ಹಲವು ಅಧ್ಯಯನಗಳ ಫಲಿತಾಂಶವನ್ನು ಒಟ್ಟುಗೂಡಿಸುವ ಲೇಖನಗಳಲ್ಲಿ, ವಿಶ್ಲೇಷಣೆಗೆ ಸೇರಿದ ಆಕರಗಳ ಹಿಂದೆ ನಕ್ಷತ್ರ ಹಾಕಬೇಕೆಂದು ಅಮೆರಿಕದ ಮನೋವಿಜ್ಞಾನ ಸಂಘದ ಎಪಿಎ ಶೈಲಿ ಹೇಳುತ್ತದೆ. ನಕ್ಷತ್ರವಿದ್ದರೂ ನಮೂದು ಇರಬೇಕಾದದ್ದು ಹೆಸರಿನ ಕ್ರಮದಲ್ಲೇ. ಸ್ಪ್ರೆಡ್‌ಶೀಟ್ ಮಾತ್ರ ನಕ್ಷತ್ರದವರನ್ನೆಲ್ಲ ಎತ್ತಿ ಮೇಲಿಡುತ್ತದೆ. ಆಗ ಮನಸ್ಸಿಗೆ ಬರುವ ಮೊದಲ ಉಪಾಯ, ‘ಹುಡುಕಿ ಬದಲಿಸು’ ತೆರೆದು * ಇದ್ದಲ್ಲಿ ಏನೂ ಇಲ್ಲದಂತೆ ಮಾಡುವುದು. ದಯವಿಟ್ಟು ಹಾಗೆ ಮಾಡಬೇಡಿ. ಎಕ್ಸೆಲ್‌ನ ಹುಡುಕಾಟದಲ್ಲಿ * ಎಂದರೆ ‘ಏನು ಬೇಕಾದರೂ’ ಎಂದರ್ಥ. ಒಂದೇ ಒತ್ತಿಗೆ ಕಾಲಂ ಪೂರ್ತಿ ಬರಿದಾಗುತ್ತದೆ. ನಕ್ಷತ್ರವನ್ನೇ ಹುಡುಕಬೇಕಾದರೆ `~*` ಎಂದು ಬರೆಯಬೇಕು. `SUBSTITUTE` ಸೂತ್ರಕ್ಕೆ ಈ ಭ್ರಮೆಯಿಲ್ಲ, ಅದು ನಕ್ಷತ್ರವನ್ನು ನಕ್ಷತ್ರವೆಂದೇ ನೋಡುತ್ತದೆ.

ಕಣ್ಣಿಗೆ ಕಾಣುವ ಚಿಹ್ನೆಯಾದರೆ ಇಷ್ಟಕ್ಕೆ ಮುಗಿಯಿತು. ಕಾಣದ್ದು ಕಷ್ಟ. ಜಾಲತಾಣದಿಂದಲೋ ಪಿಡಿಎಫ್‌ನಿಂದಲೋ ನಕಲು ಮಾಡಿದ ಹೆಸರಿನ ಮುಂದೆ ಒಂದು ಖಾಲಿ ಜಾಗ ಅಂಟಿಕೊಂಡು ಬರುತ್ತದೆ. ಸಾಮಾನ್ಯ ಖಾಲಿ ಜಾಗದ ಸಂಖ್ಯೆ 32. `TRIM` ಅದನ್ನು ಕತ್ತರಿಸುತ್ತದೆ. ಜಾಲತಾಣಗಳಲ್ಲಿ ಬಳಸುವ, ಸಾಲು ಮುರಿಯದ ಖಾಲಿ ಜಾಗ ಬೇರೆ. ಅದರ ಸಂಖ್ಯೆ 160, `TRIM`ಗೆ ಅದು ಬಗ್ಗುವುದಿಲ್ಲ. ಯಾವ ಹೆಸರಾದರೂ ಕಾರಣವಿಲ್ಲದೆ ಪಟ್ಟಿಯ ತುದಿಗೆ ಹೋಗಿ ಕೂತಿದ್ದರೆ ಪಕ್ಕದಲ್ಲಿ ಹೀಗೆ ಬರೆದು ಅದರ ಮೊದಲ ಅಕ್ಷರದ ಸಂಖ್ಯೆ ಕೇಳಿ:

```
=UNICODE(LEFT(A2,1))
```

S ಎಂದು ಕಾಣುವ ಕಡೆ 83 ಬಂದರೆ ಸರಿ. 32 ಅಥವಾ 160 ಬಂದರೆ ಕಳ್ಳ ಸಿಕ್ಕಿದ. ಇದೇ ಸೂತ್ರ ಇನ್ನೊಂದು ಸೂಕ್ಷ್ಮವನ್ನೂ ಹಿಡಿಯುತ್ತದೆ. Ś ಎಂಬುದನ್ನು ಒಂದೇ ಅಕ್ಷರವಾಗಿಯೂ ಬರೆಯಬಹುದು, S ಬರೆದು ಅದರ ಮೇಲೆ 769 ಸಂಖ್ಯೆಯ ಗುರುತನ್ನು ಪ್ರತ್ಯೇಕವಾಗಿ ಕೂರಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. `=LEN(A2)` ಕೇಳಿದರೆ Śrīvijaya ಒಂದು ಬಗೆಯಲ್ಲಿ 9, ಇನ್ನೊಂದು ಬಗೆಯಲ್ಲಿ 11. ಸಂಖ್ಯೆ ನೋಡಿ ಜೋಡಿಸುವ ಪ್ರೋಗ್ರಾಂಗಳಲ್ಲಿ ಒಬ್ಬನೇ ಶ್ರೀವಿಜಯ S ಗುಂಪಿನ ಕೊನೆಯಲ್ಲೊಮ್ಮೆ, Z ಆಚೆ ಇನ್ನೊಮ್ಮೆ ಕಾಣಿಸಿಕೊಳ್ಳುವುದು ಇದರಿಂದಲೇ.

ಅರಬ್ಬೀ ಹೆಸರುಗಳನ್ನು ಇಂಗ್ಲಿಷಿನಲ್ಲಿ `'Abd` ಎಂದು ಸಾದಾ ಅಪಾಸ್ಟ್ರಫಿ ಗುರುತಿನಿಂದ ಶುರುಮಾಡಿದರೆ ಆ ಗುರುತು ಸೆಲ್‌ನಿಂದ ಮಾಯವಾಗುತ್ತದೆ. ಸೆಲ್‌ನ ಮೊದಲಲ್ಲಿ ಅದು ಬಂದರೆ ‘ಇದು ಪಠ್ಯ’ ಎಂಬ ಸೂಚನೆಯೆಂದು ಎಕ್ಸೆಲ್ ತಿಳಿಯುತ್ತದೆ. ಎರಡು ಸಲ ಟೈಪ್ ಮಾಡಿದರೆ ಒಂದು ಉಳಿಯುತ್ತದೆ.

ಇವೆಲ್ಲಕ್ಕಿಂತ ದೊಡ್ಡ ಅನಾಹುತ ಗೆರೆಯದ್ದು. ಒಬ್ಬರೇ ಲೇಖಕರ ಎರಡನೆಯ ಪುಸ್ತಕದಿಂದ ಮುಂದಕ್ಕೆ ಹೆಸರಿನ ಬದಲು ಉದ್ದ ಗೆರೆ ಎಳೆಯುವುದು ಹಳೆಯ ಪದ್ಧತಿ. ಕಿಟೆಲ್ ಅವರ ಹೆಸರಿನ ಕೆಳಗೆ ಎರಡು ಗೆರೆ, ರೈಸ್ ಅವರ ಕೆಳಗೆ ಮೂರು ಇದ್ದವು ಎನ್ನಿ. ಸಾರ್ಟ್ ಮಾಡಿದ ಕೂಡಲೇ ಐದೂ ಗೆರೆಗಳು ಒಂದೆಡೆ ಗುಂಪುಗೂಡುತ್ತವೆ. ಯಾವುದು ಯಾರದೆಂದು ಹೇಳುವ ಗುರುತು ಪಟ್ಟಿಯಲ್ಲಿ ಎಲ್ಲೂ ಉಳಿದಿಲ್ಲ. ಬೇರೆ ತಪ್ಪುಗಳಲ್ಲಿ ಜಾಗ ಮಾತ್ರ ಕೆಡುತ್ತದೆ, ಇಲ್ಲಿ ಮಾಹಿತಿಯೇ ಹೋಗುತ್ತದೆ. ಕಡತವನ್ನು ಉಳಿಸಿ ಮುಚ್ಚಿದ್ದರೆ ಪುಸ್ತಕಗಳನ್ನು ಒಂದೊಂದಾಗಿ ಮತ್ತೆ ನೋಡುವುದೊಂದೇ ದಾರಿ. ಗೆರೆ ಎಳೆಯಲೇಬೇಕೆಂದರೆ ಎಲ್ಲ ಕ್ರಮವೂ ಅಂತಿಮವಾದ ಮೇಲೆ, ಮುದ್ರಣಕ್ಕೆ ಹೋಗುವ ಪ್ರತಿಯಲ್ಲಿ ಎಳೆಯಬೇಕು. ಸ್ಪ್ರೆಡ್‌ಶೀಟಿನಲ್ಲಿ ಪ್ರತಿ ಸಾಲಿಗೂ ಪೂರ್ತಿ ಹೆಸರು ಇರಲಿ.

ಈಗ ಮದ್ದಿಗೆ ಬರೋಣ. ಎಲ್ಲಕ್ಕೂ ಮೊದಲು ಒಂದು ಕಾಲಂನಲ್ಲಿ 1, 2, 3 ಎಂದು ಈಗಿರುವ ಕ್ರಮಸಂಖ್ಯೆ ತುಂಬಿ. ಏನೇ ಕೆಟ್ಟರೂ ಆ ಕಾಲಂ ಹಿಡಿದು ಹಿಂದಿನ ಸ್ಥಿತಿಗೆ ಬರಬಹುದು. ಆಮೇಲೆ ‘ಕೀ’ ಎಂಬ ಹೊಸ ಕಾಲಂ ಮಾಡಿ, ಅದರಲ್ಲಿ ಈ ಸೂತ್ರ ಹಾಕಿ:

```
=LOWER(TRIM(SUBSTITUTE(SUBSTITUTE(A2,UNICHAR(160)," "),"*","")))
```

160ರ ಖಾಲಿ ಜಾಗ ಸಾಮಾನ್ಯ ಖಾಲಿ ಜಾಗವಾಗುತ್ತದೆ, ನಕ್ಷತ್ರ ಹೋಗುತ್ತದೆ, ಆಚೀಚೆಯದು ಕತ್ತರಿಸಿಹೋಗುತ್ತದೆ. ā ಅನ್ನು a, ś ಅನ್ನು s ಮಾಡಲು ಇದರೊಳಗೆ ಇನ್ನೂ ಇಪ್ಪತ್ತು `SUBSTITUTE` ತುರುಕುವವರಿದ್ದಾರೆ. ನನಗೆ ಅದು ರುಚಿಸುವುದಿಲ್ಲ. ಕಾಲಂ ಅನ್ನು ಮೌಲ್ಯಗಳಾಗಿ ಅಂಟಿಸಿಕೊಂಡು, ಗುರುತಿರುವ ಹತ್ತು ಹನ್ನೆರಡು ಹೆಸರುಗಳ ಕೀಯನ್ನು ಕೈಯಾರೆ ಸಾದಾ ಅಕ್ಷರದಲ್ಲಿ ಬರೆಯುವುದು ಬೇಗ ಮುಗಿಯುತ್ತದೆ, ಯಾವ ಊರಿನ ಕಂಪ್ಯೂಟರಿನಲ್ಲೂ ಕೆಡುವುದಿಲ್ಲ. `bohtlingk`, `buhler`, `srivijaya` ಎಂದು ಬರೆದ ಮೇಲೆ ಸ್ವೀಡನ್ನಿಗೂ ನಮಗೂ ಜಗಳವಿಲ್ಲ.

ಪುಸ್ತಕದ ಹೆಸರಿನ ಕ್ರಮಕ್ಕೆ ಗ್ರಂಥಪಾಲಕರ ಉಪಾಯವೊಂದನ್ನು ಎರವಲು ಪಡೆಯಬಹುದು. ಇಂಗ್ಲಿಷಿನ A, An, The ಗಳನ್ನು ಅಕಾರಾದಿಯಲ್ಲಿ ಎಣಿಸುವುದಿಲ್ಲ. ಮಾರ್ಕ್ 21 ಸೂಚಿಯಲ್ಲಿ ಶೀರ್ಷಿಕೆಯ 245ನೆಯ ಕ್ಷೇತ್ರದ ಎರಡನೆಯ ಸೂಚಕ, ಮೊದಲ ಎಷ್ಟು ಅಕ್ಷರ ಬಿಟ್ಟು ಎಣಿಸಬೇಕೆಂದು ಹೇಳುತ್ತದೆ. 1894ರ ಕಿಟೆಲ್ ನಿಘಂಟಿನ ಹೆಸರು `A Kannada-English Dictionary`. A ಮತ್ತು ಖಾಲಿ ಜಾಗ ಸೇರಿ ಎರಡು. The ಆದರೆ ನಾಲ್ಕು. ಒಂದು ಕಾಲಂನಲ್ಲಿ ಈ ಸಂಖ್ಯೆಯಿಟ್ಟು `=MID(B2,D2+1,200)` ಎಂದರೆ ಶೀರ್ಷಿಕೆಯ ಕೀ ಸಿದ್ಧ. ಅಂಕಿಯಿಂದ ಶುರುವಾಗುವ ಶೀರ್ಷಿಕೆಗಳನ್ನು ಅಕ್ಷರದಲ್ಲಿ ಬರೆದಂತೆ ಎಣಿಸುವ ಶೈಲಿಯಾದರೆ, 1984 ಎಂಬುದರ ಕೀಯನ್ನು `nineteen eighty-four` ಎಂದು ಕೈಯಲ್ಲೇ ಬರೆಯಬೇಕು. ಇದಕ್ಕೆ ಸೂತ್ರವಿಲ್ಲ.

ಸಾರ್ಟ್ ಮಾಡುವಾಗ ಇಡೀ ಕೋಷ್ಟಕ ಆಯ್ಕೆಯಾಗಿರಬೇಕು. ಒಂದೇ ಕಾಲಂ ಹಿಡಿದು ಸಾರ್ಟ್ ಮಾಡಿದರೆ ಲೇಖಕರು ಒಂದು ಕಡೆ, ಅವರ ಪುಸ್ತಕಗಳು ಇನ್ನೊಂದು ಕಡೆ ಆಗುತ್ತವೆ. ಸಾರ್ಟ್ ಪೆಟ್ಟಿಗೆಯಲ್ಲಿ ಮೊದಲು ಕೀ, ಆಮೇಲೆ ವರ್ಷ, ಆಮೇಲೆ ಬಾಲದ ಅಕ್ಷರ, ಕೊನೆಗೆ ಶೀರ್ಷಿಕೆಯ ಕೀ ಎಂದು ಮಟ್ಟಗಳನ್ನು ಸೇರಿಸಬೇಕು.

ಇಷ್ಟಾದರೂ ಯಂತ್ರಕ್ಕೆ ಗೊತ್ತಾಗದ್ದೊಂದು ಉಳಿಯುತ್ತದೆ. 1909ರಲ್ಲಿ ಮೈಸೂರಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಪ್ರಕಟಿಸಿದ ಆರ್. ಶಾಮಶಾಸ್ತ್ರಿಗಳ ಹೆಸರು ಇಂಗ್ಲಿಷಿನಲ್ಲಿ ಒಂದು ಕಡೆ Shamasastry, ಗುರುತು ಹಾಕಿ ಬರೆಯುವವರಲ್ಲಿ Śāmaśāstri. ಗುರುತು ತೆಗೆದರೆ ಎರಡನೆಯದು samasastri. ಪಟ್ಟಿಯಲ್ಲಿ ನೀಲಕಂಠ ಶಾಸ್ತ್ರಿಗಳು Sastri ಎಂದಿದ್ದರೆ, ಒಬ್ಬರೇ ಶಾಮಶಾಸ್ತ್ರಿಗಳು ಅವರ ಮುಂದೊಮ್ಮೆ, ಹಿಂದೊಮ್ಮೆ ಬರುತ್ತಾರೆ. ಅಕ್ಷರಗಳ ಲೆಕ್ಕದಲ್ಲಿ ಈ ಕ್ರಮದಲ್ಲಿ ಯಾವ ದೋಷವೂ ಇಲ್ಲ, ಹಾಗಾಗಿ ಯಾವ ಸೂತ್ರವೂ ಇದನ್ನು ಹಿಡಿದುಕೊಡದು. ಇಬ್ಬರೂ ಒಬ್ಬರೇ ಎಂದು ಬಲ್ಲವರು ಎರಡೂ ಸಾಲಿನ ಕೀ ಕಾಲಂನಲ್ಲಿ `shamasastry` ಎಂದು ಬರೆಯಬೇಕು. ಮುದ್ರಿತ ಪುಸ್ತಕದ ಮೇಲೆ ಹೆಸರು ಹೇಗಿತ್ತೋ ಹಾಗೆ ಲೇಖಕರ ಕಾಲಂನಲ್ಲಿ ಇರಲಿ.